ಮೂರು ಸಲ ಬ್ಯಾಡ್ರಿ, ಒಂದೇ ಸಲ ಮೆರ್ಸಿ

ಹುಮನಾಬಾದಿನಲ್ಲಿ ಉಣ್ಣಲು ಕುಂತವರು "ಬ್ಯಾಡ್ರಿ" ಅಂದರೆ ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಮೊದಲನೆಯ "ಬ್ಯಾಡ್ರಿ" ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ಮೂರನೆಯದು ಬಾಯಿಂದ ಹೊರಡುವಷ್ಟರಲ್ಲಿ ರೊಟ್ಟಿ ತಾಟಿಗೆ ಬಿದ್ದಿರುತ್ತದೆ. ನನ್ನ ತವರು ಬಸವಕಲ್ಯಾಣದಲ್ಲಂತೂ, ದಾಸೋಹದ ಊರಲ್ಲವೇ, ಬೇಡ ಅಂದವರಿಗೆ ಮೈಯಾಗ ಆರಾಮಿಲ್ಲೇನೋ ಎಂದೇ ವಿಚಾರಿಸುತ್ತಾರೆ. ಈ ಎರಡೂ ಊರಿನ ಸಂಸ್ಕಾರ ಹೊತ್ತ ನಮ್ಮ ಸಂಸಾರ ಈಗ ಫ್ರಾನ್ಸಿನ ತುಲೂಸಿನಲ್ಲಿದೆ. ಊರಿಂದ ಅತ್ತೆ, ಮಾವ ಬಂದಾಗ ಮೇಲಿನ ಮನೆಯ ದಂಪತಿ ನಮ್ಮೆಲ್ಲರನ್ನೂ ಊಟಕ್ಕೆ ಕರೆದರು.

ಕರೆದ ದಿನವೇ ನಾನು "ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ" ಎಂದು ಒಂದೊಂದನ್ನೂ ಹೆಸರಿಸಿ ಹೇಳಿದೆ. ಬರೀ "ಸಸ್ಯಾಹಾರಿ" ಅಂದರೆ ಅಲ್ಲಿ ಸಾಲದು. ಲಾರ್ದೋಂ ಎಂಬ ಹಂದಿಮಾಂಸದ ಸಣ್ಣ ತುಣುಕುಗಳನ್ನು ಸಲಾಡಿನ ಮೇಲೆ ಉದುರಿಸುವಾಗ ಅದೂ ಮಾಂಸವೇ ಎಂಬುದು ಕೆಲವರಿಗೆ ಹೊಳೆಯುವುದೇ ಇಲ್ಲ. ಊಟಕ್ಕೆ ಕುಂತ ಮೇಲೆ ತಾಟು ಸರಿಸುವುದಕ್ಕಿಂತ ಮೊದಲೇ ಹೇಳುವುದು ಇಬ್ಬರಿಗೂ ಲೇಸು.

ನಮ್ಮವರು ಅಪ್ಪನಿಗೆ ಒಂದೇ ಶಬ್ದ ಕಲಿಸಿದರು. "ಏನು ಕೊಟ್ರೂ ನಗಿನಗಿತಾ ಮೆರ್ಸಿ ಅನ್ರಿ ಅಪ್ಪಾ, ಧನ್ಯವಾದ ಅಂತ ಅರ್ಥ." ಮಾವನವರು ಅದನ್ನೇ ಮಂತ್ರದಂತೆ ಜಪಿಸುತ್ತ ಮೆಟ್ಟಿಲು ಹತ್ತಿದರು.

ಮೊದಲು ಬಂದದ್ದು ತುರಿದ ಗಜ್ಜರಿಯ ಸಲಾಡು, ಜೊತೆಗೆ ಬ್ರೆಡ್ಡು. ಇದು ಆರಂಭ ಮಾತ್ರ. ಮುಂದೆ ಮುಖ್ಯ ಅಡಿಗೆ, ಆಮೇಲೆ ಚೀಸ್, ಕೊನೆಗೆ ಸಿಹಿ. ಬ್ರೆಡ್ಡನ್ನು ತಾಟಿನಲ್ಲಿಡದೆ ಮೇಜಿನ ಬಟ್ಟೆಯ ಮೇಲೇ ಇಡುವುದು ಅಲ್ಲಿಯ ರೂಢಿ. ಅದನ್ನು ನೋಡಿ ಅತ್ತೆಯವರು ಸುಮ್ಮನೆ ಕಣ್ಣು ಮುಚ್ಚಿಕೊಂಡರು. ಎಡಗೈಯನ್ನು ತೊಡೆಯ ಮೇಲೆ ಬಚ್ಚಿಟ್ಟುಕೊಳ್ಳುವುದು ನಮ್ಮ ಶಿಸ್ತು. ಅವರಿಗೆ ಎರಡೂ ಕೈ ಮೇಜಿನ ಮೇಲೆ ಕಾಣಬೇಕು.

ಆಮೇಲೆ ರಾತಾತೂಯಿ ಬಂತು. ಬದನೆಕಾಯಿ, ಟೊಮ್ಯಾಟೊ, ದೊಣ್ಣಮೆಣಸಿನಕಾಯಿಯ ಪಲ್ಯ ಅದು. ಮಾವನವರಿಗೆ ಭಾಳ ಹಿಡಿಸಿತು. ಮನೆಯೊಡತಿ ಬೋಗುಣಿ ಹಿಡಿದು, ಇನ್ನಷ್ಟು ಬೇಕೇ ಎಂದು ಕೇಳಿದರು. ಮಾವನವರು ಕೈ ಮುಗಿದು, ಬಾಯಿ ತುಂಬ "ಮೆರ್ಸಿ!" ಅಂದರು. ಬೋಗುಣಿ ಹಿಂದಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಇನ್ನೂ ದೊಡ್ಡ ನಗು, "ಮೆರ್ಸಿ!" ಬೋಗುಣಿ ಅಡಿಗೆಮನೆಯನ್ನೇ ಸೇರಿತು.

"ಯಾಕ್ ಒಯ್ದಳವ್ವಾ ಆಕಿ?" ಎಂದು ಮಾವನವರು ನನ್ನ ಕಿವಿಯಲ್ಲಿ ಕೇಳಿದರು.

ಬೇಕೇ ಎಂದು ಕೇಳಿದಾಗ ಬರೀ "ಮೆರ್ಸಿ" ಅಂದರೆ ಅಲ್ಲಿ ಸಾಮಾನ್ಯವಾಗಿ ಬೇಡ ಎಂದೇ ತಿಳಿಯುತ್ತಾರೆ, ಕೈಯನ್ನೂ ಅಡ್ಡ ಮಾಡಿದರಂತೂ ಮುಗಿಯಿತು. ಬೇಕಾದರೆ "ವೊಲೋಂತ್ಯೆ", ಅಂದರೆ ಸಂತೋಷವಾಗಿ, ಎನ್ನಬೇಕು. ಇಲ್ಲವೇ "ವಿ, ಸಿಲ್ ವು ಪ್ಲೆ". ಸ್ವಲ್ಪ ಸಾಕಾದರೆ "ಅಂ ತು ಪ್ತಿ ಪೊ". ನಿಜಕ್ಕೂ ಸಾಕಾದಾಗ ಮೊದಲು ಹೊಗಳಿ, ಆಮೇಲೆ ಬೇಡ ಎನ್ನಬೇಕು: "ಸೆತೆ ದೆಲಿಸ್ಯೋ", ರುಚಿಯಾಗಿತ್ತು, "ಜೆ ತ್ರೆ ಬ್ಯಾಂ ಮಾಂಜೆ", ಚೆನ್ನಾಗಿ ಉಂಡೆ. ಹೊಟ್ಟೆ ತುಂಬಿದೆ ಎನ್ನುವುದನ್ನು ಮಾತ್ರ "ಜ ಸ್ವಿ ಪ್ಲ್ಯಾಂ" ಎಂದು ಶಬ್ದಕ್ಕೆ ಶಬ್ದ ಹೇಳಬಾರದು. ಗಂಡಸು ಅಂದರೆ ಕುಡಿದು ಚಿತ್ತಾದವನ ಮಾತಾದೀತು. ಹೆಂಗಸು "ಪ್ಲೆನ್" ಅಂದರೆ ಗಬ್ಬದ ಆಕಳ ಮಾತು.

ಚೀಸ್ ಬಂದಾಗ ಮಾವನವರು ಸೇಡು ತೀರಿಸಿಕೊಳ್ಳಲು ಸಜ್ಜಾದರು. ನಾನು ಮೇಜಿನ ಕೆಳಗೆ ಕಾಲು ತುಳಿದೆ. ಚೀಸನ್ನು ಎರಡನೇ ಸಲ ಬಡಿಸಿಕೊಂಡರೆ ಮುಖ್ಯ ಅಡಿಗೆ ಸಾಲಲಿಲ್ಲ ಎಂದು ಹೇಳಿದಂತಾದೀತು. ತ್ರಿಕೋನದ ಬ್ರೀ ಚೀಸಾದರೆ ಅದರ ಮೂಗಿನ ತುದಿಯನ್ನೊಂದೇ ಕತ್ತರಿಸಿಕೊಳ್ಳಬಾರದು. ಒಳ್ಳೆಯ ಭಾಗ ಅಲ್ಲೇ ಇರುವುದು, ಅಂಚಿನ ಗಟ್ಟಿ ಸಿಪ್ಪೆ ಉಳಿದವರ ಪಾಲಿಗೆ ಬರುತ್ತದೆ. ಪಟ್ಟೆಯುದ್ದಕ್ಕೂ ಕೊಯ್ದುಕೊಂಡರೆ ಎಲ್ಲರಿಗೂ ಎರಡೂ ಸಿಗುತ್ತವೆ.

ಆ ರಾತ್ರಿ ಮಾವನವರು ಮನೆಗೆ ಬಂದು ಕಟಕ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ಉಂಡರು. ಸೇಡು ತೀರಿದ್ದು ಮುಂದಿನ ವಾರ, ಆ ದಂಪತಿ ನಮ್ಮಲ್ಲಿಗೆ ಬಂದಾಗ. ತಾಟಿನಲ್ಲಿ ಏನನ್ನೂ ಬಿಡದೆ ಉಣ್ಣುವುದು ಅವರ ಮರ್ಯಾದೆ. ಖಾಲಿ ತಾಟು ಕಂಡರೆ ಬಡಿಸುವುದು ಅತ್ತೆಯವರ ಮರ್ಯಾದೆ. ಆತ ಎಣ್ಣೆಗಾಯಿ ಬಳಿದು ಮುಗಿಸುತ್ತಿದ್ದ, ಅತ್ತೆಯವರು ಇನ್ನೊಂದು ರೊಟ್ಟಿ ಹಾಕುತ್ತಿದ್ದರು. ಆತ "ಮೆರ್ಸಿ" ಅಂದ. "ಥ್ಯಾಂಕ್ಸ್ ಅನ್ಲತ್ತಾನ, ಭಾಳ ಹಿಡಿಸ್ಯಾದ" ಎಂದು ಮಾವನವರೇ ಅನುವಾದಿಸಿ, ಮತ್ತೆರಡು ರೊಟ್ಟಿ ತರಿಸಿದರು.

ನಮ್ಮವರು ಕೊನೆಗೆ ಆತನಿಗೂ ಒಂದು ಪಾಠ ಹೇಳಿಕೊಟ್ಟರು: ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದು, ಮೂರು ಸಲ "ಸಾಕ್ರಿ" ಅನ್ನು, ಅಷ್ಟಕ್ಕೂ ನಿಲ್ಲದಿದ್ದರೆ ಎದ್ದು ಕೈ ತೊಳೆದುಬಿಡು.