ಐದನೇ ತಾರೀಖಿಗೊಂದು ಬಹಿರಂಗ ಪತ್ರ

ಮಾನ್ಯ ಐದನೇ ತಾರೀಖಿನವರಿಗೆ,

ತಮ್ಮ ಸಮಯಪಾಲನೆಯನ್ನು ಕೊಂಡಾಡಲೆಂದೇ ಈ ಪತ್ರ. ಭಾನುವಾರವಿರಲಿ, ಹಬ್ಬವಿರಲಿ, ತಾವು ಬಂದೇ ಬರುತ್ತೀರಿ. ಬಂದವರು ನಮ್ಮ ಗೃಹಸಾಲದ ಕಂತು 31,200 ರೂಪಾಯಿಯನ್ನು ಒಂದು ಮಾತೂ ಕೇಳದೆ ಎತ್ತಿಕೊಂಡು ಹೋಗುತ್ತೀರಿ. ಹಿಂದೆಲ್ಲ ಬ್ಯಾಂಕಿಗೆ ರಜೆಯಿದ್ದರೆ ನಮಗೂ ಒಂದು ದಿನ ಉಸಿರಾಡಲು ಬಿಡುವು ಸಿಗುತ್ತಿತ್ತು. ರಿಸರ್ವ್ ಬ್ಯಾಂಕಿನ ನಿರ್ಧಾರದಂತೆ 2021ರ ಆಗಸ್ಟ್ 1ರಿಂದ ಕಂತು ಕಡಿತದ ‘ನ್ಯಾಚ್’ ವ್ಯವಸ್ಥೆ ವಾರದ ಏಳೂ ದಿನ ನಡೆಯತೊಡಗಿದ ಮೇಲೆ ಅದೂ ಹೋಯಿತು. ಅದೇ ವ್ಯವಸ್ಥೆಯಲ್ಲಿ ಭಾನುವಾರ ಸಂಬಳವನ್ನೂ ಹಾಕಬಹುದಂತೆ. ಆದರೆ ಸಂಬಳದ ಪಟ್ಟಿಗೆ ಒಪ್ಪಿಗೆ ಕೊಡುವವರು ಮನುಷ್ಯರು, ಭಾನುವಾರ ಅವರು ಮನೆಯಲ್ಲಿರುತ್ತಾರೆ.

ನಮ್ಮದು ಇಬ್ಬರು ದುಡಿಯುವ ಮನೆ. ನಮ್ಮ ಯಜಮಾನರು ಖಾಸಗಿ ಹೈಸ್ಕೂಲಿನ ಮೇಷ್ಟ್ರು. ತಿಂಗಳ ಕೊನೆಯ ಕೆಲಸದ ದಿನ ಅವರ ಖಾತೆಗೆ 38,500 ಬೀಳುತ್ತದೆ. ನಾನು ಸಾವಿರಾರು ಜನ ದುಡಿಯುವ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ನನ್ನ 54,500 ಬರುವುದು ಮುಂದಿನ ತಿಂಗಳ ಹತ್ತಕ್ಕೆ. ಇದಕ್ಕೂ ಇತಿಹಾಸವಿದೆ. 1936ರ ವೇತನ ಪಾವತಿ ಕಾಯ್ದೆ ಸಾವಿರಕ್ಕಿಂತ ಕಡಿಮೆ ನೌಕರರಿರುವ ಕಡೆ ಏಳನೇ ತಾರೀಖಿನೊಳಗೆ, ಉಳಿದ ಕಡೆ ಹತ್ತರೊಳಗೆ ಸಂಬಳ ಕೊಡಿ ಎಂದಿತ್ತು. ಅಂದರೆ ಧಣಿ ದೊಡ್ಡವನಾದಷ್ಟೂ ಆಳು ಹೆಚ್ಚು ಕಾಯಬೇಕಿತ್ತು. ಕಾಯ್ದೆ ಕೊಟ್ಟ ಕೊನೆಯ ಗಡುವನ್ನೇ ನಮ್ಮ ಕಡೆ ಮುಹೂರ್ತವೆಂದು ತಿಳಿದರು.

ಕಳೆದ ತಿಂಗಳು ಇಬ್ಬರೂ ಊಟದ ಮೇಜಿನ ಮುಂದೆ ಕೂತು ಲೆಕ್ಕ ಹಾಕಿದೆವು. ಆಫರ್ ಲೆಟರಿನಲ್ಲಿರುವ ಸಂಬಳ ಬಿಟ್ಟು ಪಾಸ್‌ಬುಕ್ಕಿನಲ್ಲಿ ಬಿದ್ದಿರುವುದನ್ನೇ ಹಿಡಿದೆವು. ಪಿಎಫ್, ವೃತ್ತಿ ತೆರಿಗೆ ಹೋದ ಮೇಲಿನದು. ನನ್ನ ಓವರ್‌ಟೈಮ್ ಸೇರಿಸಲಿಲ್ಲ, ಅದು ಬಂದರೆ ಬಂತು. ಮೇಷ್ಟ್ರು ಸೊಸೈಟಿ ಸಾಲದ ಕಂತನ್ನು ಖರ್ಚಿನ ಪಟ್ಟಿಯಲ್ಲೂ ಬರೆಯಹೊರಟಿದ್ದರು. ಅದು ಸಂಬಳದಲ್ಲೇ ಕಡಿತವಾಗಿ ಬರುತ್ತದೆ, ಎರಡು ಸಲ ತೀರಿಸುವಷ್ಟು ಪ್ರಾಮಾಣಿಕತೆ ಬೇಡ ಎಂದು ಹೊಡೆದುಹಾಕಿದೆ. ಆದಾಯ ಒಟ್ಟು 93,000. ಖಾಯಂ ಖರ್ಚು 67,100. ಉಳಿದದ್ದು 25,900. ರೇಷನ್, ಪೆಟ್ರೋಲು, ತರಕಾರಿ, ಔಷಧಿಗೆಲ್ಲ ಇಷ್ಟು ಸಾಕು ಎಂದು ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು.

ಆ ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲ. ಆದರೆ ಅದು ಮೂವತ್ತನೇ ತಾರೀಖಿನ ಲೆಕ್ಕ. ತಾವು ಅಷ್ಟು ದಿನ ಕಾಯುವ ಪೈಕಿಯಲ್ಲ ಸ್ವಾಮಿ.

ಅದಕ್ಕೇ ಅವರ ಕೈಯಿಂದ ಪೆನ್ನು ಕಿತ್ತುಕೊಂಡು ಅದೇ ಖರ್ಚುಗಳನ್ನು ತಾರೀಖಿನ ಪ್ರಕಾರ ಬರೆದು, ಪ್ರತಿ ಸಾಲಿನ ಪಕ್ಕ ಆ ದಿನ ಖಾತೆಯಲ್ಲಿ ಎಷ್ಟು ಉಳಿಯುತ್ತದೆ ಎಂದು ಹಾಕುತ್ತ ಹೋದೆ. ಒಂದನೇ ತಾರೀಖು ತಿಪಟೂರಿನಲ್ಲಿರುವ ಅತ್ತೆ–ಮಾವನಿಗೆ 8,000. ಅದೇ ದಿನ ಮನೆಗೆಲಸದವಳಿಗೆ, ಹಾಲಿನವನಿಗೆ ಸೇರಿ 5,000. ಐದರೊಳಗೆ ಶಾಲೆಯ ವ್ಯಾನಿಗೆ 2,500. ಐದರಂದೇ ತಮ್ಮ ಕಂತು 31,200, ಜೊತೆಗೆ ಆರ್‌ಡಿಗೆ 5,000. ಒಟ್ಟು 51,700. ಖಾತೆಗೆ ಆವತ್ತಿನವರೆಗೆ ಬಂದಿರುವುದು ಮೇಷ್ಟ್ರ 38,500 ಮಾತ್ರ. ತಿಂಗಳಿಗೆ ಇಪ್ಪತ್ತೈದು ಸಾವಿರ ಮಿಗುವ ಮನೆ ಐದನೇ ತಾರೀಖು 13,200 ರೂಪಾಯಿ ಸಾಲದೆ ನಿಂತಿದೆ. ಇನ್ನೂ ರೇಷನ್ ತಂದಿಲ್ಲ. ಆರು ಸಾವಿರದ ರೇಷನ್ನು, ಒಂಬತ್ತರವರೆಗಿನ ಪೆಟ್ರೋಲು, ತರಕಾರಿಗೆ ಎರಡು ಸಾವಿರ ಸೇರಿಸಿದರೆ ಕೊರತೆ 21,200.

ಒಳ್ಳೆಯ ಸಂಪಾದನೆಯ ಮನೆಗಳಲ್ಲೂ ಪ್ರತಿ ತಿಂಗಳ ಮೊದಲ ವಾರ ತಂಗಿಗೋ ಭಾವನಿಗೋ ಫೋನು ಹೋಗುವುದು ಇದಕ್ಕೇ. ಹತ್ತರ ಸಂಜೆ ಆ ಸಾಲ ತೀರುತ್ತದೆ, ಹಾಗಾಗಿ ಯಾರ ಲೆಕ್ಕದಲ್ಲೂ ಕಾಣುವುದಿಲ್ಲ.

ಇನ್ನು ತಮ್ಮ ಜೊತೆಗಾರ ಆರ್‌ಡಿಯ ವಿಷಯ. ಒಂದೇ ಖಾತೆಯಿಂದ ಒಂದೇ ದಿನ ಎರಡು ಕಡಿತಗಳಿದ್ದರೆ ಯಾವುದು ಮೊದಲು ಎಂಬುದು ನಮ್ಮ ಕೈಲಿಲ್ಲ. ಬೆಳಗಿನ ಜಾವ ಆರ್‌ಡಿ ಐದು ಸಾವಿರ ಎತ್ತಿತು ಅನ್ನಿ. ಆಮೇಲೆ ಬಂದ ಕಂತಿಗೆ ನಾನೂರು ರೂಪಾಯಿ ಕಮ್ಮಿಯಾದರೂ ಇಡೀ 31,200 ವಾಪಸ್. ಇದ್ದಷ್ಟು ತೆಗೆದುಕೊಂಡು ಹೋಗಿ ಎಂದರೆ ನ್ಯಾಚ್ ಕೇಳುವುದಿಲ್ಲ. ನಮ್ಮ ಉಳಿತಾಯವೇ ನಮ್ಮ ಸಾಲದ ಕಾಲಿಗೆ ಅಡ್ಡ ಬಿದ್ದಂತಾಯಿತು. ಖಾತೆಯಿರುವ ಬ್ಯಾಂಕು ಒಂದು ಶುಲ್ಕ ಹಾಕುತ್ತದೆ, ಸಾಲ ಕೊಟ್ಟವರು ಇನ್ನೊಂದು ಹಾಕುತ್ತಾರೆ. ಸಾಲದ್ದಕ್ಕೆ 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಮಿನಲ್ಲಿ, ಹಣವಿಲ್ಲದೆ ಇಂಥ ಕಡಿತ ವಾಪಸಾಗುವುದು ಚೆಕ್ ಬೌನ್ಸಿನ ಹಾಗೆಯೇ ಅಪರಾಧ. ಸಾಲ ಕೊಟ್ಟವರು ನೋಟಿಸು ಕೊಟ್ಟ ಮೇಲೂ ಗಡುವಿನೊಳಗೆ ಕಟ್ಟದಿದ್ದರೆ ಮಾತ್ರ ಕೇಸು, ನಿಜ. ಆದರೂ ಉಳಿತಾಯ ಮಾಡಹೋಗಿ ಆ ಕಲಮಿನ ಹತ್ತಿರ ಸುಳಿಯುವುದು ನಮ್ಮಂಥವರಿಗೇ ಸಾಧ್ಯ.

ಹಾಗಾದರೆ ತಮ್ಮನ್ನೇ ಹದಿನೈದಕ್ಕೆ ಕಳಿಸಿದರೆ ಹೇಗೆ ಎಂದು ಸಾಲ ಕೊಟ್ಟವರನ್ನು ವಿಚಾರಿಸಿದೆ. ಬದಲಿಸಬಹುದು, ಹೊಸ ಮ್ಯಾಂಡೇಟ್ ಕೊಡಬೇಕು, ಮಧ್ಯದ ಹತ್ತು ದಿನಗಳ ಬಡ್ಡಿ ಕಟ್ಟಬೇಕು ಎಂದರು. ನಮ್ಮ ಬಾಕಿ 30 ಲಕ್ಷ. ಶೇ 8.5ರಂತೆ ದಿನಕ್ಕೆ ಸುಮಾರು 700 ರೂಪಾಯಿ ಬಡ್ಡಿ, ಹತ್ತು ದಿನಕ್ಕೆ ಏಳು ಸಾವಿರ. ಹತ್ತಕ್ಕೇ ಹಾಕಿಸಿಕೊಂಡರೆ ಅರ್ಧದಲ್ಲಿ ಮುಗಿಯುತ್ತಿತ್ತು, ಆದರೆ ಸಂಬಳ ಸಂಜೆ ಬಂದು ಕಡಿತ ಬೆಳಿಗ್ಗೆ ಬಂದರೆ ಅದೇ ಕಥೆ. ತಮ್ಮನ್ನು ಅಲುಗಾಡಿಸುವುದು ದುಬಾರಿ ಬಾಬತ್ತು ಎಂದು ಕೈಬಿಟ್ಟೆ.

ಬದಲಿಗೆ ಅಲುಗಾಡುವವರನ್ನೆಲ್ಲ ಅಲುಗಾಡಿಸಿದೆ. ಆರ್‌ಡಿಯನ್ನು ಹನ್ನೆರಡಕ್ಕೆ ಹಾಕಿಸಿದೆ. ವ್ಯಾನಿನವರು ಹತ್ತು ದಾಟಿ ಕೊಡಿ ಪರವಾಗಿಲ್ಲ ಎಂದರು. ರೇಷನ್ನೂ ಈಗ ಹತ್ತಾದ ಮೇಲೆ. ಮನೆಗೆಲಸದವಳ ಮತ್ತು ಹಿರಿಯರ ದುಡ್ಡನ್ನು ಮುಟ್ಟಲಿಲ್ಲ. ನಮ್ಮ ತಾರೀಖಿನ ತೊಡಕನ್ನು ಅವರ ತಲೆಗೆ ಕಟ್ಟುವುದು ಸರಿಯಲ್ಲ. 21,200 ಇದ್ದ ಕೊರತೆ 7,700ಕ್ಕೆ ಇಳಿಯಿತು.

ಹತ್ತನೇ ತಾರೀಖು ಭಾನುವಾರ ಬಿದ್ದರೂ ಇರಲಿ ಎಂದು ಆ ಮೊತ್ತವನ್ನು ಹತ್ತು ಸಾವಿರಕ್ಕೆ ಏರಿಸಿ, ಮಿಗುವ ಹಣದಿಂದ ಎರಡು ಕಂತಿನಲ್ಲಿ ತೆಗೆದಿಡುತ್ತಿದ್ದೇನೆ. ಮೊದಲ ಕಂತು ಆಗಲೇ ಖಾತೆಯಲ್ಲಿ ಕೂತಿದೆ. ಇದು ಒಂದೇ ಸಲ ಕೂಡಿಸುವ ಹಣ, ಆಮೇಲೆ ತಿಂಗಳು ತಿಂಗಳು ಅದೇ ಸುತ್ತುತ್ತದೆ. ಒಂದರಿಂದ ಒಂಬತ್ತರವರೆಗೆ ಕರಗುತ್ತದೆ, ಹತ್ತಕ್ಕೆ ನನ್ನ ಸಂಬಳ ಬಂದೊಡನೆ ಮೊದಲು ಅದನ್ನು ತುಂಬಿಸಿಡುವುದು. ಮೇಷ್ಟ್ರು ಇಪ್ಪತ್ತೆಂಟನೇ ತಾರೀಖು ಖಾತೆ ನೋಡಿ “ದುಡ್ಡು ಸುಮ್ಮನೆ ಬಿದ್ದಿದೆಯಲ್ಲೇ” ಅನ್ನುತ್ತಾರೆ. ಅದು ಸುಮ್ಮನೆ ಬಿದ್ದಿಲ್ಲ, ತಮ್ಮ ದಾರಿ ಕಾಯುತ್ತ ಕೂತಿದೆ ಎಂದು ಅವರಿಗೆ ಹೇಳಿ ಹೇಳಿ ಸಾಕಾಯಿತು.

ಒಂದು ವಿಷಯದಲ್ಲಿ ಮಾತ್ರ ತಮ್ಮ ಸಲಹೆ ಬೇಕು. ಮೇಲಿನ 67,100ರಲ್ಲಿ ಶಾಲೆಯ ಫೀಸಿಗೆಂದು ತಿಂಗಳಿಗೆ 6,000 ಸೇರಿಸಿದ್ದೇನೆ. ಶಾಲೆಯವರು ಅದನ್ನು ತಿಂಗಳ ಪ್ರಕಾರ ಕೇಳುವುದಿಲ್ಲ, ವರ್ಷಕ್ಕೆ ಎರಡು ಸಲ 36,000 ಕೇಳುತ್ತಾರೆ. ಮೊದಲ ಕಂತು ಜೂನ್ ಮೊದಲ ವಾರವಂತೆ. ತಾರೀಖು ಯಾವುದೆಂದು ಕೇಳಿದರೆ ಸುತ್ತೋಲೆ ಬರುತ್ತದೆ ಎನ್ನುತ್ತಾರೆ. ಮೊದಲ ವಾರವೆಲ್ಲ ತಮ್ಮ ಬಳಗವೇ ತಾನೆ, ಯಾರಿಗೆ ವಹಿಸಿದ್ದಾರೆಂದು ವಿಚಾರಿಸಿ ತಿಳಿಸಿ.

ಇಂತಿ,
ಹತ್ತನೇ ತಾರೀಖಿನ ಸಂಬಳದವಳು