ಹೊಟ್ಟೆ ಕಟ್ಟಿದ ಮೆಷಿನ್ನು

ಭಾನುವಾರ ಬೆಳಗ್ಗೆ ನಮ್ಮ ಹೊಂಗನೂರಿನ ಮನೆಯ ಬಟ್ಟೆ ಒಗೆಯುವ ಮೆಷಿನ್ನು ಅರ್ಧ ಕೆಲಸ ಮಾಡಿ ಕೂತುಬಿಟ್ಟಿತು. ಗಾಜಿನ ಬಾಗಿಲ ಹಿಂದೆ ನೊರೆನೀರು, ಅದರಲ್ಲಿ ಅವ್ವನ ಸೀರೆ, ಮೇಲೆ ಪರದೆಯಲ್ಲಿ OE ಎಂಬ ಎರಡಕ್ಷರ. ನೀರು ಹೊರಗೆ ಹೋಗುತ್ತಿಲ್ಲ ಎಂದು ಅದರ ದೂರು. ಒಳಗೆ ನೀರಿರುವ ತನಕ ಮುಂಬಾಗಿಲಿನ ಮೆಷಿನ್ನು ಬೀಗ ಬಿಡುವುದಿಲ್ಲ. "ರೀ, ಮದುವೆಗೆ ಉಡೋ ಸೀರೆ ಜೈಲಲ್ಲಿದೆ" ಎಂದಳು ಹೆಂಡತಿ.

ಚನ್ನಪಟ್ಟಣದ ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ. ಆತ ಮೆಷಿನ್ನಿನ ಮುಖ ನೋಡದೆ, ನಾಡಿ ಹಿಡಿಯದೆ, "ಪಂಪ್ ಹೋಗಿದೆ ಸಾರ್, ನಾಳೆ ಬಂದು ಬದಲಾಯಿಸ್ತೀನಿ" ಎಂದ. ಅವ್ವ ಮಾತ್ರ ಹತ್ತಿರ ಬಂದು, ಬಗ್ಗಿ, ಕಿವಿಗೊಟ್ಟು ಹೇಳಿದಳು: "ಹೊಟ್ಟೆ ಕಟ್ಕಂಡದೆ ಕಣ್ಲಾ. ಒಂದ್ ಚಮಚ ಹರಳೆಣ್ಣೆ ಉಯ್ಯಿ."

ಹರಳೆಣ್ಣೆ ಬಿಟ್ಟರೆ ಅವ್ವನ ರೋಗನಿರ್ಣಯವೇ ನನಗೆ ಸರಿಯೆನಿಸಿತು. ಹಿಪ್ಪುನೇರಳೆ ತೋಟದ ಮೋಟಾರಿನ ಜೊತೆ ಅರ್ಧ ಆಯುಷ್ಯ ಕಳೆದವನು ನಾನು. ನೀರು ಎತ್ತದ ಮೋಟಾರಿಗೆ ಕೇಳುವ ಮೊದಲ ಪ್ರಶ್ನೆ, ಸದ್ದು ಬರುತ್ತಿದೆಯೋ ಇಲ್ಲವೋ. ನೀರು ಬಿಡುವ ಹೊತ್ತಿಗೆ ಸರಿಯಾಗಿ ಇಡೀ ಮೆಷಿನ್ನು ಮೌನವಾಗಿದ್ದರೆ ಪಂಪಿನ ಕಾಯಿಲ್ಲೋ ವೈರೋ ಹೋಗಿರಬಹುದು. ಗುಂಯ್ ಅಂತ ಗೊಣಗಿ ನೀರು ಬಿಡದಿದ್ದರೆ ಕರೆಂಟು ಬರುತ್ತಿದೆ, ಎಲ್ಲೋ ಏನೋ ಸಿಕ್ಕಿಕೊಂಡಿದೆ. ನಮ್ಮದು ಗೊಣಗುತ್ತಿತ್ತು. ಹಿಂದಿನ ಪೈಪು ಗೋಡೆಗೆ ಅಮುಕಿ ಮಡಚಿಕೊಂಡಿದೆಯೇ ಎಂದು ನೋಡಿದೆ. ಇಲ್ಲ.

ಪ್ಲಗ್ ಕಿತ್ತು, ಕೆಳಗಡೆ ಬಲಮೂಲೆಯ ಪುಟ್ಟ ಮುಚ್ಚಳ ತೆರೆದೆ. ಅಲ್ಲಿ ಎರಡು ವಸ್ತು: ಬೆರಳು ಗಾತ್ರದ ರಬ್ಬರ್ ಪೈಪು, ಪಕ್ಕದಲ್ಲಿ ತಿರುಗಿಸಿ ತೆಗೆಯುವ ದಪ್ಪ ಬಿರಡೆ. ಈ ಬಿರಡೆಯ ಹಿಂಭಾಗವೇ ನಾಣ್ಯ ಹಿಡಿಯುವ ಜಾಲರಿ. ಆತುರಪಟ್ಟು ಮೊದಲು ಬಿರಡೆ ತಿರುಗಿಸಿದವರ ಮನೆಯಲ್ಲಿ ಕೆರೆ ಕೋಡಿ ಬೀಳುತ್ತದೆ. ನನ್ನ ಮನೆಯಲ್ಲೂ ಹೋದ ವರ್ಷ ಬಿದ್ದಿತ್ತು. ಆ ಅನುಭವದ ಫಲವಾಗಿ ಈ ಸಲ ಅಗಲ ತಟ್ಟೆ ಇಟ್ಟು, ಸಣ್ಣ ಪೈಪಿನ ಬಿರಡೆ ಕಿತ್ತು ನೀರನ್ನು ಬಸಿದೆ. ತಟ್ಟೆ ತುಂಬಿದಾಗಲೆಲ್ಲ ಪೈಪಿನ ಬಾಯಿ ಮುಚ್ಚಿ, ಬಚ್ಚಲಿಗೆ ಸುರಿದು ಬಂದೆ. ಒಂದೂವರೆ ಬಕೆಟ್ ಆಗುವಷ್ಟರಲ್ಲಿ ಸೊಂಟ ಹಿಡಿಯಿತು.

ಆಮೇಲೆ ದೊಡ್ಡ ಬಿರಡೆಯನ್ನು ಎಡಕ್ಕೆ, ನಿಧಾನವಾಗಿ ತಿರುಗಿಸಿ ಎಳೆದೆ. ಜಾಲರಿಗೆ ಬೂದುಬಣ್ಣದ ಹಿಂಜಿನ ಗಡ್ಡ ಬೆಳೆದಿತ್ತು. ಗಡ್ಡದೊಳಗೆ ಐದು ರೂಪಾಯಿಯ ಮೂರು ನಾಣ್ಯ, ಎರಡರದ್ದು ಎರಡು, ಒಂದು ಪಿನ್ನು, ಒಂದು ಗುಂಡಿ. ತೊಳೆದು, ಹಾಕಿ, ಬಿಗಿದು, ಜಾಲಾಡಿ ಹಿಂಡುವ ಕೆಲಸಕ್ಕೆ ಹಚ್ಚಿದೆ. ಗುಂಯ್. ಮತ್ತೆ ಗುಂಯ್. ಮತ್ತೆ OE.

ನಾಣ್ಯ ಸಿಕ್ಕಿದ ಕೂಡಲೇ ಕಳ್ಳ ಸಿಕ್ಕಿದ ಎಂದುಕೊಂಡದ್ದೇ ನನ್ನ ತಪ್ಪು. ಈ ಜಾಲರಿ ಒರಟು ಬಾಚಣಿಗೆಯ ಹಾಗೆ. ಅಗಲವಾದದ್ದನ್ನು ತಡೆಯುತ್ತದೆ, ಉದ್ದ ಸಣ್ಣದ್ದು ಹಲ್ಲುಗಳ ನಡುವೆ ನುಸುಳಿಬಿಡುತ್ತದೆ. ಪುನಃ ಪ್ಲಗ್ ಕಿತ್ತು, ಬಸಿದು, ಬಿರಡೆ ತೆಗೆದು, ನೆಲದ ಮೇಲೆ ಮಲಗಿ ಟಾರ್ಚ್ ಬಿಟ್ಟೆ. ಗುಹೆಯ ಕೊನೆಯಲ್ಲಿ ಪಂಪಿನ ಪುಟ್ಟ ರೆಕ್ಕೆ. ಕಡ್ಡಿಯಿಂದ ತಳ್ಳಿದೆ, ಅಲುಗಲಿಲ್ಲ. ರೆಕ್ಕೆಗೂ ಗೋಡೆಗೂ ನಡುವೆ ಅಡ್ಡಲಾಗಿ ಏನೋ ಕೆಂಪಗೆ. ಚಿಮಟ ಹಾಕಿ ಎಳೆದರೆ ಬೆಂಕಿಕಡ್ಡಿ ದಪ್ಪದ ಮರದ ಕಡ್ಡಿ, ಮೇಲೆ ಅರಗಿನ ಬಣ್ಣ! ಮೊಮ್ಮಗನ ಚನ್ನಪಟ್ಟಣದ ಗೊಂಬೆಗಾಡಿಯ ಅಚ್ಚು. ಚಡ್ಡಿಜೇಬಿನಿಂದ ಇಳಿದು, ನೀರು ಕುಡಿದು, ಉಬ್ಬಿ ಕೂತಿತ್ತು.

ಈಗ ರೆಕ್ಕೆಯನ್ನು ತಳ್ಳಿದರೆ ತಡೆತಡೆದು, ಟಕ್ ಟಕ್ ಎಂದು ತಿರುಗಿತು. ಇದನ್ನು ಕಂಡು ಪಂಪು ಕೆಟ್ಟಿದೆ ಎಂದು ಗಾಬರಿಯಾಗುವವರುಂಟು. ಒಳಗಿರುವುದು ಅಯಸ್ಕಾಂತ, ಅದು ಹಾಗೆ ಹಿಡಿಹಿಡಿದೇ ಬಿಡಬೇಕು. ಬುಗುರಿಯ ಹಾಗೆ ಸಲೀಸಾಗಿ ಗಿರ್ರೆಂದರೇ ಅನುಮಾನ: ರೆಕ್ಕೆ ಮುರಿದು ಅಯಸ್ಕಾಂತದಿಂದ ಬೇರೆಯಾಗಿರುತ್ತದೆ. ಆಗ ಮೆಕ್ಯಾನಿಕ್ಕಿನ ಮಾತೇ ನಿಜ.

ಈ ಸಲ ಹಿಂದಿನ ಪೈಪಿನ ತುದಿಯನ್ನು ಮೊಳದೆತ್ತರದ ಬಕೆಟ್ಟಿಗೆ ಬಿಟ್ಟು, ಮತ್ತೆ ಜಾಲಾಡಿ ಹಿಂಡುವ ಕೆಲಸಕ್ಕೆ ಹಚ್ಚಿದೆ. ಬಕೆಟ್ಟಿಗೂ ನೀರು ಬಾರದಿದ್ದರೆ ದೋಷ ಮೆಷಿನ್ನಿನದು. ಬಕೆಟ್ಟಿಗೆ ಬಂದು ಬಚ್ಚಲಿಗೆ ಹೋಗದಿದ್ದರೆ ದೋಷ ಮನೆಯ ಪೈಪಿನದು. ನೀರು ಭರ್ರೆಂದು ಧುಮುಕಿತು. ಸ್ವಲ್ಪ ಹೊತ್ತಿಗೆ ಬಾಗಿಲು ಟಕ್ಕೆಂದು ಬಿಟ್ಟುಕೊಟ್ಟಿತು.

ಮೆಕ್ಯಾನಿಕ್ಕಿಗೆ ಬರಬೇಡ ಎಂದು ಹೇಳಿ, ಮೀಸೆ ಮೇಲೆ ಕೈಯಾಡಿಸುತ್ತ ನಾಣ್ಯಗಳನ್ನು ಅವ್ವನ ಮುಂದೆ ಸಾಲಾಗಿ ಇಟ್ಟೆ. ಅವ್ವ ಒಗೆದ ಸೀರೆಯ ಸೆರಗು ಹಿಡಿದು, ಬಿಚ್ಚಿಹೋಗಿದ್ದ ಗಂಟಿನ ಸುಕ್ಕು ನೋಡಿದಳು. ಎರಡು ಸಲ ಎಣಿಸಿದಳು.

"ಹತ್ತೊಂಬತ್ತಾಯ್ತು. ಇನ್ನೊಂದು ಐದ್ರುಪಾಯಿ ಎಲ್ಲೋಯ್ತ್ಲಾ?"

ಇಬ್ಬರೂ ಮೆಷಿನ್ನಿನ ಕಡೆ ನೋಡಿದೆವು. ಅದು ಉಳಿದ ಬಟ್ಟೆ ಜಾಲಾಡಲು ಶುರುಮಾಡಿತ್ತು. ಒಳಗೆಲ್ಲೋ ಟಿಣ್ ಎಂದಿತು.