ಊರ ಹೆಸರು ಬೇಡವೆಂದ ಕಂಪ್ಯೂಟರು

ನಮ್ಮ ಕಡೆ ಬಹಳ ಮಂದಿಗೆ ಊರೇ ಅಡ್ಡಹೆಸರು. ರೇಷನ್ ಕಾರ್ಡಿನಿಂದ ಲಗ್ನಪತ್ರಿಕೆಯವರೆಗೆ ಅದು ಹೆಸರಿನ ಬೆನ್ನು ಬಿಡುವುದಿಲ್ಲ. ನನ್ನ ದೊಡ್ಡಪ್ಪನ ಮಗನೂ ಹೀಗೆಯೇ ದಢೇಸುಗೂರು. ಹೊಳೆದಂಡೆಯ ಊರಿನಿಂದ ದಿನಾ ಬಸ್ ಹಿಡಿದು ಸಿಂಧನೂರಿನ ಒಂದು ಕಚೇರಿಗೆ ಹೋಗಿ ಲೆಕ್ಕ ನೋಡುತ್ತಾನೆ. ಅಲ್ಲಿಯ ಕಂಪ್ಯೂಟರುಗಳೆಲ್ಲ ವಿಂಡೋಸ್ ಡೊಮೇನಿಗೆ ಸೇರಿದವು. ನಿಯಮಗಳು ಮೈಕ್ರೋಸಾಫ್ಟ್ ಹಾಕಿ ಕಳಿಸಿದವೇ, ಯಾರೂ ಕೈ ಹಚ್ಚಿಲ್ಲ: 42 ದಿನಕ್ಕೆ ಪಾಸ್‌ವರ್ಡಿನ ಆಯುಷ್ಯ ಮುಗಿಯುತ್ತದೆ. ನಾಟಿ ಮಾಡಿದ ಭತ್ತಕ್ಕೆ ಎರಡನೇ ಸಲ ಗೊಬ್ಬರ ಹಾಕುವ ಹೊತ್ತಿಗೆ ಇವನ ಪಾಸ್‌ವರ್ಡ್ ತೀರಿಕೊಂಡಿರುತ್ತದೆ.

ಒಂದು ಸೋಮವಾರ ಹಾಗೇ ಆಯಿತು. ಹೊಸದು ಕೊಡು ಅಂದಿತು ಯಂತ್ರ. ಅಣ್ಣ `Dadesugur@123` ಅಂತ ಹೊಡೆದ. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಲ್ಲವೂ ಇವೆ. ಹದಿಮೂರು ಅಕ್ಷರ ಉದ್ದವೂ ಇದೆ. ಆಗಲ್ಲ ಅಂದಿತು. `Dadesugur#2025$` ಅಂದ. ಅದೂ ಆಗಲ್ಲ. ತೆರೆಯ ಮೇಲಿನ ಸಂದೇಶದ ಸಾರ ಇಷ್ಟು: ನೀವು ಕೊಟ್ಟದ್ದು ಉದ್ದದ, ಸಂಕೀರ್ಣತೆಯ ಅಥವಾ ಇತಿಹಾಸದ ನಿಯಮಕ್ಕೆ ಹೊಂದುತ್ತಿಲ್ಲ. ಮೂರರಲ್ಲಿ ಯಾವುದು ಅಂತ ಹೇಳುವುದಿಲ್ಲ. ಆ ‘ಅಥವಾ’ ಬರೆದ ಪುಣ್ಯಾತ್ಮನನ್ನು ಒಂದು ಸಲ ನೋಡಬೇಕು.

‘ಇದಕ್ಕೇನು ಬೇಕಂತ ಇದಾದ್ರೂ ಹೇಳಬಾರದೇನು?’ ಅಂತ ಅಣ್ಣ ಚಿಹ್ನೆಗಳನ್ನು ಏರಿಸುತ್ತ ಹೋದ. ತಪ್ಪು ಚಿಹ್ನೆಯದಾಗಿರಲಿಲ್ಲ, ಊರಿನದು. ಖಾತೆಯಲ್ಲಿ ಬರೆದಿರುವ ಪೂರ್ಣ ಹೆಸರನ್ನು ವಿಂಡೋಸ್ ಖಾಲಿ ಜಾಗ, ಚುಕ್ಕೆ, ಅಡ್ಡಗೆರೆ ಇದ್ದಲ್ಲಿ ತುಂಡು ಮಾಡಿಕೊಳ್ಳುತ್ತದೆ. ಮೂರಕ್ಷರ ಅಥವಾ ಅದಕ್ಕಿಂತ ಉದ್ದದ ಯಾವ ತುಂಡು ಪಾಸ್‌ವರ್ಡಿನೊಳಗೆ ಕಂಡರೂ ತಳ್ಳಿಬಿಡುತ್ತದೆ, ದೊಡ್ಡಕ್ಷರ ಸಣ್ಣಕ್ಷರದ ಭೇದವಿಲ್ಲದೆ. ಇನಿಶಿಯಲ್ ಇಟ್ಟುಕೊಳ್ಳುವ ಮೈಸೂರು ಕಡೆಯವರು ತಮ್ಮ ಊರನ್ನು ಆರಾಮಾಗಿ ಪಾಸ್‌ವರ್ಡ್ ಮಾಡಿಕೊಳ್ಳಬಹುದು. ಊರನ್ನೇ ಹೆಸರಲ್ಲಿ ಹೊತ್ತ ನಮಗೆ ಆ ಭಾಗ್ಯವಿಲ್ಲ. ತಮಾಷೆ ಅಂದರೆ, ನಡುವೆ ಒಂದು h ಸೇರಿಸಿ `Dadhesugur@123` ಅಂದಿದ್ದರೆ ಅದು ತುಟಿಪಿಟಕ್ಕೆನ್ನದೆ ಒಪ್ಪುತ್ತಿತ್ತು. ಮಹಾಪ್ರಾಣ ಬಂದರೆ ಯಂತ್ರಕ್ಕೆ ಅದು ಬೇರೆ ಊರು.

ಇದು ತಿಳಿಯದೆ ಅಣ್ಣ ಐಟಿ ಹುಡುಗನಿಗೆ ಫೋನ್ ಹಚ್ಚಿದ. ಅವನು ‘ರೀಸೆಟ್ ಮಾಡೀನ್ರೀ, ಇದನ್ನ ಹಾಕ್ಕೊಂಡು ಒಳಗ ಹೋಗ್ರಿ, ಆಮೇಲೆ ನಿಮಗ ಬೇಕಾದ್ದು ಇಟ್ಕೋರಿ’ ಅಂತ ತಾತ್ಕಾಲಿಕ ಪಾಸ್‌ವರ್ಡ್ ಒಂದನ್ನು ಕೊಟ್ಟ. ಒಳಗೇನೋ ಹೋದದ್ದಾಯಿತು. ಬದಲಿಸಲು ಹೋದರೆ ಮತ್ತದೇ ಸಂದೇಶ. ಈ ಸಲ ಅಣ್ಣ ಊರು, ಕೇರಿ, ಹೆಂಡತಿ, ಮಕ್ಕಳು ಎಲ್ಲರನ್ನೂ ಬಿಟ್ಟು ಕಣ್ಣುಮುಚ್ಚಿ ಕೀಲಿಮಣೆ ಕುಟ್ಟಿದ. ಅದನ್ನೂ ಒಪ್ಪಲಿಲ್ಲ.

ಇಲ್ಲಿ ಅಡ್ಡ ಬಂದದ್ದು ಸಂದೇಶದಲ್ಲಿ ಹೆಸರೇ ಇಲ್ಲದ ನಾಲ್ಕನೇ ನಿಯಮ: ಪಾಸ್‌ವರ್ಡಿಗೆ ಒಂದು ದಿನವಾದರೂ ವಯಸ್ಸಾಗದೆ ಬದಲಿಸುವಂತಿಲ್ಲ. ಇದಕ್ಕೊಂದು ಹಿನ್ನೆಲೆಯಿದೆ. ಡೊಮೇನ್ ಹಿಂದಿನ 24 ಪಾಸ್‌ವರ್ಡುಗಳನ್ನು ನೆನಪಿಟ್ಟುಕೊಂಡು, ಅವು ಮರಳಿ ಬಂದರೆ ತಡೆಯುತ್ತದೆ. ಚಾಲಾಕಿಗಳು ಒಂದೇ ಮಧ್ಯಾಹ್ನ ಸಾಲಾಗಿ ಬದಲಿಸುತ್ತ ಹೋಗಿ ಆ ಪಟ್ಟಿಯನ್ನು ತುಂಬಿಸಿ, ಹಳೆಯದಕ್ಕೇ ಬಂದು ಕೂರುತ್ತಿದ್ದರು. ಅವರಿಗೆ ಹಾಕಿದ ಬೇಲಿ ಇದು. ಐಟಿ ಹುಡುಗ ರೀಸೆಟ್ ಮಾಡಿದ ಗಳಿಗೆಯಿಂದಲೇ ದಿನದ ಲೆಕ್ಕ ಶುರುವಾಗಿತ್ತು. ‘ಮುಂದಿನ ಲಾಗಿನ್‌ನಲ್ಲಿ ಬದಲಿಸಲೇಬೇಕು’ ಎಂಬ ಚೌಕಕ್ಕೆ ಅವನು ಟಿಕ್ ಹಾಕಿದ್ದರೆ ಈ ಬೇಲಿ ಅಡ್ಡ ಬರುತ್ತಿರಲಿಲ್ಲ. ಹಾಕಿರಲಿಲ್ಲ. ಗುಟ್ಟು ತಿಳಿಯಬೇಕಾದರೆ ಕಪ್ಪು ಕಿಟಕಿ ತೆರೆದು ಹೀಗೆ ಹೊಡೆಯಬೇಕು:

```
net user %username% /domain
```

ಉತ್ತರದಲ್ಲಿ `Password changeable` ಎಂಬ ಸಾಲಿನ ಮುಂದೆ ತಾರೀಖು, ವೇಳೆ ಇರುತ್ತದೆ. ಅಣ್ಣನಿಗೆ ಮಂಗಳವಾರ ಬೆಳಿಗ್ಗೆ ಹನ್ನೊಂದೂವರೆ ಅಂತ ಬಂದಿತ್ತು. ಆ ಹೊತ್ತಿನ ತನಕ ಬ್ರಹ್ಮಲಿಪಿಯನ್ನೇ ಹೊಡೆದರೂ ಅದು ಒಪ್ಪುವುದಿಲ್ಲ.

ಇಷ್ಟೆಲ್ಲ ಕಾವಲಿನಿಂದ ಕಳ್ಳ ಹೆದರಿದನೇ? ಇತಿಹಾಸದ ನಿಯಮ ಹಿಡಿಯುವುದು ತದ್ರೂಪವನ್ನು ಮಾತ್ರ. ಹಳೆಯ ಪಾಸ್‌ವರ್ಡುಗಳು ಹ್ಯಾಶ್ ಆಗಿ ಉಳಿದಿರುತ್ತವೆ. 123 ಹೋಗಿ 124 ಆದರೆ ಹ್ಯಾಶ್ ಪೂರಾ ಬೇರೆ. ಹಾಗಾಗಿ ಜಗತ್ತೆಲ್ಲ ಕೊನೆಯ ಅಂಕಿಯನ್ನು ಒಂದೊಂದೇ ಏರಿಸುತ್ತ ಬದುಕಿದೆ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಇಂಥ ಸಾವಿರಾರು ಹಳೆಯ ಖಾತೆಗಳನ್ನು ನೋಡಿದರು. ಹಿಂದಿನ ಪಾಸ್‌ವರ್ಡ್ ಗೊತ್ತಿದ್ದರೆ ನೂರರಲ್ಲಿ 17 ಖಾತೆಗಳ ಮುಂದಿನದನ್ನು ಐದು ಊಹೆಯೊಳಗೆ ಹಿಡಿಯಬಹುದಿತ್ತು. ಚಿಹ್ನೆ, ಅಂಕಿಗಳ ಈ ಉಪದೇಶವನ್ನು 2003ರಲ್ಲಿ ಬರೆದ ಬಿಲ್ ಬರ್ ಎಂಬ ಸರ್ಕಾರಿ ನೌಕರ, ನಿವೃತ್ತನಾದ ಮೇಲೆ 2017ರಲ್ಲಿ ಅದಕ್ಕಾಗಿ ಪಶ್ಚಾತ್ತಾಪಪಟ್ಟ. ಅವನಿದ್ದ ನಿಸ್ಟ್ ಸಂಸ್ಥೆ ಅದೇ ವರ್ಷ ಗಡುವು ಹಾಕಿ ಬದಲಿಸುವುದು ಬೇಡ ಅಂದಿತು. 2019ರಲ್ಲಿ ಮೈಕ್ರೋಸಾಫ್ಟೂ ತನ್ನ ಸಲಹಾಪಟ್ಟಿಯಿಂದ ಗಡುವನ್ನು ಕಿತ್ತುಹಾಕಿತು.

ಇದನ್ನೆಲ್ಲ ಐಟಿ ಹುಡುಗನಿಗೆ ಹೇಳಿದೆ. ಪಾಪ, ಅವನಿಗೂ ಗೊತ್ತಿತ್ತು. ‘ತೆಗೀಬಹುದ್ರೀ ಸರ್, ಆದ್ರ ಆಡಿಟ್‌ನವರ ಫಾರ್ಮಿನ್ಯಾಗ ಪಾಸ್‌ವರ್ಡ್ ಎಷ್ಟ ದಿನಕ್ಕ ಬದಲಾಗ್ತೈತಿ ಅಂತ ಒಂದು ಕಾಲಂ ಐತಲ್ರೀ’ ಅಂದ.